ಸಮೀಪ ದೃಷ್ಟಿ ಬರೆದರೆ ಅಂಕ ಹೋಗುತ್ತಾ?

ಬಿ.ಕಾಂ. ಓದಿದವನು ವಿಜ್ಞಾನದ ಉತ್ತರಪತ್ರಿಕೆ ಹಿಡ್ಕೊಂಡು ಯಾಕೆ ಕೂತಿದ್ದಾನೆ ಅಂತ ಕೇಳ್ಬಹುದು. ನಮ್ಮಕ್ಕನ ಮಗಳು ಹತ್ತನೇ ಕ್ಲಾಸು, ಕನ್ನಡ ಮಾಧ್ಯಮ. ಶಾಲೆಯ ಪೂರ್ವಸಿದ್ಧತಾ ಪರೀಕ್ಷೆಯ ಪೇಪರ್ ತಂದು ನನ್ನ ಮುಂದಿಟ್ಟು, "ಮಾಮ, ಪುಸ್ತಕದಲ್ಲಿ ಇದ್ದಿದ್ದನ್ನೇ ಬರ್ದಿದೀನಿ, ಅಂಕ ಕೊಟ್ಟಿಲ್ಲ" ಅಂದಳು.

ಪ್ರಶ್ನೆ ಹೀಗಿತ್ತು. ಒಬ್ಬ ವ್ಯಕ್ತಿಗೆ 80 ಸೆಂ.ಮೀ.ಗಿಂತ ದೂರದ ವಸ್ತುಗಳು ಸ್ಪಷ್ಟವಾಗಿ ಕಾಣುವುದಿಲ್ಲ. ದೋಷ ಯಾವುದು, ಯಾವ ಮಸೂರ ಬೇಕು, ಅದರ ಸಾಮರ್ಥ್ಯ ಎಷ್ಟು? ಒಟ್ಟು ಮೂರು ಅಂಕ.

ಇವಳು ಬರೆದಿದ್ದು "ಸಮೀಪ ದೃಷ್ಟಿ". ಪಠ್ಯಪುಸ್ತಕದ ಪದವೂ ಅದೇ. ಆದರೆ ಆ ಶಾಲೆಯಲ್ಲಿ ತಯಾರಿಸಿದ್ದ ಅಂಕ ನೀಡುವ ಯೋಜನೆಯಲ್ಲಿ "ಹ್ರಸ್ವದೃಷ್ಟಿ" ಅಂತಿತ್ತು. ಅದು ಹಳೆಯ ಪದ. ಎರಡಕ್ಕೂ ಒಂದೇ ಅರ್ಥ: ಹತ್ತಿರದ್ದು ಕಾಣುತ್ತೆ, ದೂರದ್ದು ಕಾಣಲ್ಲ. ತಿದ್ದಿದವರು ಪದಕ್ಕೆ ಪದ ಹೊಂದಿಸಿ ನೋಡಿ ಗೀಟು ಹಾಕಿದ್ದಾರೆ. ಇಲ್ಲಿ ಒಂದು ಅಂಕ ಸುಮ್ಮನೆ ಹೋಯ್ತು.

ಆದ್ರೆ ಪದ ಬೇರೆಯಾದರೆ ಎಲ್ಲದಕ್ಕೂ ಅಂಕ ಕೊಡಿ ಅನ್ನೋಕೂ ಆಗಲ್ಲ. ಇವಳ ಗೆಳತಿ ಅದೇ ಪ್ರಶ್ನೆಗೆ "ದೂರ ದೃಷ್ಟಿ ದೋಷ" ಅಂತ ಬರೆದಿದ್ದಳು. ಆಡುಮಾತಲ್ಲಿ ನೋಡಿದ್ರೆ ಸರಿಯಾಗೇ ಕೇಳ್ಸುತ್ತೆ, ದೂರದ್ದು ಕಾಣದ ದೋಷ. ಪಠ್ಯದಲ್ಲಿ ಮಾತ್ರ ದೂರ ದೃಷ್ಟಿ ಅಂದರೆ ಪೂರಾ ಉಲ್ಟಾ: ದೂರದ್ದು ಕಾಣುತ್ತೆ, ಹತ್ತಿರದ್ದು ಕಾಣಲ್ಲ. ಪಠ್ಯ ಏನು ಕಾಣುತ್ತೆ ಅನ್ನೋದರಿಂದ ಹೆಸರಿಟ್ಟಿದೆ, ನಾವು ಮನೇಲಿ ಏನು ಕಾಣಲ್ಲ ಅನ್ನೋದರಿಂದ ಹೇಳ್ತೀವಿ.

ಹಾಗಾದ್ರೆ ಹುಡುಗಿಗೆ ವಿಷಯ ಗೊತ್ತಿದೆಯೋ ಇಲ್ಲವೋ ಅಂತ ಹೇಗೆ ತಿಳಿಯೋದು? ಉಳಿದ ಉತ್ತರ ನೋಡ್ಬೇಕು. ಸಮೀಪ ದೃಷ್ಟಿಯಲ್ಲಿ ದೂರದ ವಸ್ತುವಿನ ಬಿಂಬ ಅಕ್ಷಿಪಟಲಕ್ಕಿಂತ ಮುಂದೆಯೇ ಮೂಡುತ್ತೆ, ಅದಕ್ಕೆ ನಿಮ್ನ ಮಸೂರ ಬೇಕು. ಸಂಗಮ ದೂರ ಮೈನಸ್ 80 ಸೆಂ.ಮೀ., ಅಂದರೆ ಮೈನಸ್ 0.8 ಮೀಟರ್. ಒಂದನ್ನು ಅದರಿಂದ ಭಾಗಿಸಿದರೆ ಸಾಮರ್ಥ್ಯ ಮೈನಸ್ 1.25 ಡಯಾಪ್ಟರ್. ಗೆಳತಿ ನಿಮ್ನ ಮಸೂರ ಅಂತಲೂ ಬರೆದಿದ್ದಳು, ಲೆಕ್ಕದಲ್ಲಿ ಮೈನಸ್ ಚಿಹ್ನೆಯೂ ಇತ್ತು. ಅಂದ್ರೆ ಅವಳು ಎಡವಿದ್ದು ಹೆಸರಲ್ಲಿ ಮಾತ್ರ. ಪೀನ ಮಸೂರ, ಪ್ಲಸ್ 1.25 ಅಂತ ಬರೆದಿದ್ದರೆ ದೋಷವೇ ತಲೆಕೆಳಗಾಗಿ ಅರ್ಥವಾಗಿದೆ ಅಂತಾಗ್ತಿತ್ತು.

ನನ್ನ ಲೆಕ್ಕದಲ್ಲಿ ನಮ್ಮ ಹುಡುಗಿಗೆ ಮೂರು, ಗೆಳತಿಗೆ ಎರಡು. ಹೆಸರಿನ ಅಂಕ ಗೆಳತಿಗೆ ಕೊಡೋದು ಕಷ್ಟ, ಯಾಕಂದ್ರೆ ಅವಳು ಬರೆದಿದ್ದು ಇನ್ನೊಂದು ದೋಷದ ಹೆಸರು. ಆದರೆ ಹೆಸರು ತಪ್ಪಾಯ್ತು ಅಂತ ಮಸೂರ, ಲೆಕ್ಕ ಎರಡನ್ನೂ ಹೊಡೆದುಹಾಕೋದು ಅನ್ಯಾಯ.

ಮಾರನೇ ದಿನ ಇವಳು ಪಠ್ಯಪುಸ್ತಕದ ಆ ಪುಟವನ್ನೇ ತೆರೆದು ಮೇಷ್ಟ್ರಿಗೆ ತೋರಿಸಿದಳು. ಅವರು ಅಂಕ ಕೊಟ್ಟು, ಯೋಜನೆಯಲ್ಲಿ "ಹ್ರಸ್ವದೃಷ್ಟಿ" ಪಕ್ಕದಲ್ಲಿ ಪೆನ್ನಿಂದ "ಅಥವಾ ಸಮೀಪ ದೃಷ್ಟಿ" ಅಂತ ಸೇರಿಸಿದರಂತೆ. ಆಮೇಲೆ ಇಡೀ ಕ್ಲಾಸಿನ ಪೇಪರ್ ವಾಪಸ್ ತರಿಸ್ಕೊಂಡರು.