ಉದ್ದದ ಜಾತಿಯೋ, ದೊಡ್ಡ ಎಲೆಯೋ?

ನಾಲ್ವರು ಇಬ್ಬಿಬ್ಬರಾಗಿ ಆಡುವ ವಿಸ್ಟ್ ಆಟದಲ್ಲಿ ಮೊದಲ ಎಲೆ ಯಾವುದನ್ನು ಇಳಿಸಬೇಕು ಎಂಬುದು ಹತ್ತೊಂಬತ್ತನೆಯ ಶತಮಾನದ ದೊಡ್ಡ ವಾದವಾಗಿತ್ತು. ಕ್ಯಾವೆಂಡಿಶ್ ಎಂಬ ಹೆಸರಿನಲ್ಲಿ 1862ರಲ್ಲಿ ವಿಸ್ಟ್ ಪುಸ್ತಕ ಪ್ರಕಟಿಸಿದ ಲಂಡನ್ನಿನ ಹೆನ್ರಿ ಜೋನ್ಸ್, ಕೈಯಲ್ಲಿ ಹೆಚ್ಚು ಎಲೆಗಳಿರುವ ಜಾತಿಯಿಂದಲೇ ಶುರುಮಾಡಿ ಎಂದರು. 1896ರಲ್ಲಿ ಅಮೆರಿಕದ ಇ. ಸಿ. ಹೋವೆಲ್ ಚಿಕ್ಕ ಜಾತಿಯಿಂದ ಆಟ ತೆರೆಯುವ ಪದ್ಧತಿಗಾಗಿಯೇ ಒಂದು ಪುಸ್ತಕ ಬರೆದರು.

ಒಂದು ಹಂಚಿಕೆ ನೋಡೋಣ. ಮೊದಲು ಆಡುವವನ ಕೈಯಲ್ಲಿ ಕಳಾವರಿನ ರಾಜ, ಗುಲಾಮ, 9, 7, 2 ಇವೆ. ಎಡಗಡೆಯ ಎದುರಾಳಿಯಲ್ಲಿ ಎಕ್ಕ, 6, 5. ಜೊತೆಗಾರನಲ್ಲಿ ರಾಣಿ, 8, 3. ಬಲಗಡೆಯವನಲ್ಲಿ 10 ಮತ್ತು 4 ಮಾತ್ರ. ಒಬ್ಬನಲ್ಲಿ ಐದು ಎಲೆಗಳಿದ್ದಾಗ ಉಳಿದ ಎಂಟು ಹೀಗೆ 3-3-2 ಆಗಿ ಹರಡುವುದೇ ಅತಿ ಸಾಮಾನ್ಯ. ನೂರಕ್ಕೆ ಸುಮಾರು 31 ಸಲ ಹಾಗಾಗುತ್ತದೆ.

ಆಟಗಾರ ಮೇಲಿನಿಂದ ನಾಲ್ಕನೆಯದಾದ 7 ಇಳಿಸುತ್ತಾನೆ. ಜೊತೆಗಾರನ ರಾಣಿ ಸುತ್ತು ಗೆಲ್ಲುತ್ತದೆ. ಅವನು 8ನ್ನು ತಿರುಗಿಸಿ ಆಡುತ್ತಾನೆ. ಬಲಗಡೆಯವನ 10ರ ಮೇಲೆ ಗುಲಾಮ ಬೀಳುತ್ತದೆ, ಎಡಗಡೆಯ ಎಕ್ಕ ಅದನ್ನು ಹೊಡೆಯುತ್ತದೆ. ಈಗ ರಾಜ, 9, 2 ಉಳಿದಿವೆ. ಮೂರನೆಯ ಸುತ್ತಿಗೆ ರಾಜ ಬಂದಾಗ ಹೊರಗಿನ ಕಳಾವರೆಲ್ಲ ಮುಗಿಯುತ್ತವೆ. ಆಮೇಲೆ ಆ ಬಡಪಾಯಿ 2 ಕೂಡ ಎಕ್ಕದಂತೆ ನಿಲ್ಲುತ್ತದೆ.

ಆದರೆ ಬಲಗಡೆಯವನ ಕಳಾವರ್ ಎರಡೇ ಸುತ್ತಿಗೆ ಖಾಲಿಯಾಗಿದೆ. ಅವನಲ್ಲಿ ತುರುಪು ಉಳಿದಿದ್ದರೆ ರಾಜನ ಮೇಲೇ ಬೀಳುತ್ತದೆ. 9 ಮತ್ತು 2ಕ್ಕೂ ಅದೇ ಗತಿ ಕಾದಿರುತ್ತದೆ. ಮೊದಲೇ ಎದುರಾಳಿಗಳ ತುರುಪು ಎಳೆದು ಮುಗಿಸಿ, ಬಳಿಕ ಆಡುವ ಸರದಿ ಮತ್ತೆ ತನ್ನ ಕೈಗೆ ಬಂದರೆ ಈ ಜಾತಿ ನಾಲ್ಕು ಸುತ್ತು ಕೊಡುತ್ತದೆ, ಇಲ್ಲವಾದರೆ ಒಂದೇ ಒಂದು. ವ್ಯತ್ಯಾಸ ಮೂರು ಸುತ್ತು. ಐದು ಅಂಕಕ್ಕೆ ಆಟ ಮುಗಿಯುವ ಚಿಕ್ಕ ವಿಸ್ಟಿನಲ್ಲಿ, ಆರರ ಮೇಲಿನ ಪ್ರತಿ ಸುತ್ತಿಗೂ ಒಂದು ಅಂಕ ಬರುವಾಗ, ಅದು ಆಟವನ್ನೇ ತಿರುಗಿಸುತ್ತದೆ.

ಕೈಯಲ್ಲಿ ಐದು ತುರುಪು ಇರುವವನು ಉದ್ದದ ಜಾತಿಯನ್ನು ನಂಬಬಹುದು. ಎರಡೇ ಸಣ್ಣ ತುರುಪು ಇದ್ದು, ಇನ್ನೊಂದು ಜಾತಿಯಲ್ಲಿ ಎಕ್ಕ, ರಾಜ, 6 ಮಾತ್ರ ಇದ್ದರೆ? ಆಗ ಎಕ್ಕ, ರಾಜಗಳನ್ನು ಬೇಗ ಆಡಿಬಿಡುವುದು ಮೇಲು. ಮೊದಲೆರಡು ಸುತ್ತುಗಳಲ್ಲಿ ಎದುರಾಳಿಯ ಕೈ ಆ ಜಾತಿಯಲ್ಲಿ ಖಾಲಿಯಾಗಿರುವ ಸಂಭವ ಕಡಿಮೆ. ಅದರ ಬೆಲೆಯೂ ಇದೆ: ರಾಣಿ ಎದುರಾಳಿಯ ಬಳಿ ಇನ್ನೂ ಉಳಿದಿದ್ದರೆ ಅವನಿಗೆ ದಾರಿ ಮಾಡಿಕೊಟ್ಟಂತೆ.

ಉದ್ದದ ಜಾತಿಯ ಆಟಕ್ಕೆ ಇನ್ನೊಂದು ತೊಡಕಿದೆ. ನಾಲ್ಕನೆಯ ಎಲೆ ಇಳಿದರೆ, ಹನ್ನೊಂದರಿಂದ ಅದರ ಸಂಖ್ಯೆ ಕಳೆದಾಗ ಉಳಿದ ಮೂರು ಕೈಗಳಲ್ಲಿರುವ ಅದಕ್ಕಿಂತ ದೊಡ್ಡ ಎಲೆಗಳೆಷ್ಟೆಂದು ತಿಳಿಯುತ್ತದೆ. ಇಲ್ಲಿ 11ರಲ್ಲಿ 7 ಕಳೆದರೆ ನಾಲ್ಕು: ಎಕ್ಕ, ರಾಣಿ, 10, 8. ರಾಣಿ ಮತ್ತು 8 ತನ್ನಲ್ಲೇ ಇರುವುದರಿಂದ ಎದುರಾಳಿಗಳಲ್ಲಿ ಎರಡೇ ಎಂದು ಜೊತೆಗಾರ ಅರಿಯುತ್ತಾನೆ. ಎಕ್ಕ ಹಿಡಿದ ಎದುರಾಳಿಯೂ ಅದೇ ಲೆಕ್ಕ ಹಾಕುತ್ತಾನೆ. ಆದ್ದರಿಂದ ಮೊದಲ ಎಲೆ ಎತ್ತುವ ಮುನ್ನ ಉದ್ದದ ಜಾತಿಗಿಂತ ಮೊದಲು ನಿಮ್ಮ ತುರುಪು ಎಣಿಸಿ.