ಅಸೋಸಿಯೇಟೋ ಪ್ರೊಫೆಷನಲ್ಲೋ: ಅನುಭವ ಅಳೆಯುವ ಬಗೆ

ಅಮೆಜಾನ್‌ನ ಕ್ಲೌಡ್ ವಿಭಾಗವಾದ ಎಡಬ್ಲ್ಯುಎಸ್, ಸಲ್ಯೂಷನ್ಸ್ ಆರ್ಕಿಟೆಕ್ಟ್ ಹೆಸರಿನಲ್ಲಿ ಎರಡು ಹಂತದ ಪರೀಕ್ಷೆ ನಡೆಸುತ್ತದೆ. ಅಸೋಸಿಯೇಟ್ ಬರೆಯುವವರಿಗೆ ಒಂದು ವರ್ಷ, ಪ್ರೊಫೆಷನಲ್ ಬರೆಯುವವರಿಗೆ ಕನಿಷ್ಠ ಎರಡು ವರ್ಷ ಕೈಯಾರೆ ಕೆಲಸ ಮಾಡಿದ ಅನುಭವವಿರಲಿ ಎನ್ನುತ್ತದೆ ಸಂಸ್ಥೆ. ಇದು ಸಲಹೆಯಷ್ಟೇ, ಅನುಭವದ ದಾಖಲೆಯನ್ನು ಯಾರೂ ಕೇಳುವುದಿಲ್ಲ. ಮೊದಲು ಅಸೋಸಿಯೇಟ್ ಪಾಸಾಗಿರಬೇಕೆಂಬ ನಿಯಮವೂ 2018ರಲ್ಲೇ ಹೋಯಿತು. ಹಾಗಾಗಿ ಯಾವುದನ್ನು ಬರೆಯಬೇಕೆಂದು ಅಭ್ಯರ್ಥಿಯೇ ತೀರ್ಮಾನಿಸಬೇಕು.

ಪ್ರಶ್ನೆಗಳನ್ನು ನೋಡಿದರೆ ಅಂತರ ತಿಳಿಯುತ್ತದೆ. ಒಂದು ಡೇಟಾ ಸೆಂಟರ್ ಕೈಕೊಟ್ಟರೂ ಡೇಟಾಬೇಸ್ ನಡೆಯುತ್ತಿರಬೇಕು, ಏನು ಮಾಡುತ್ತೀರಿ ಎಂಬುದು ಅಸೋಸಿಯೇಟ್ ಮಾದರಿಯ ಪ್ರಶ್ನೆ. ಓದುವ ಹೊರೆ ಹಂಚಿಕೊಳ್ಳುವ ರೀಡ್ ರೆಪ್ಲಿಕಾ ಬೇರೆ, ಆಪತ್ತಿನಲ್ಲಿ ತಾನಾಗಿಯೇ ಕೆಲಸ ವಹಿಸಿಕೊಳ್ಳುವ ಸ್ಟ್ಯಾಂಡ್‌ಬೈ ಬೇರೆ ಎಂದು ಗೊತ್ತಿದ್ದರೆ ಉತ್ತರ ಸಿಕ್ಕಿತು.

ಪ್ರೊಫೆಷನಲ್ ಪ್ರಶ್ನೆ ಹೀಗಿರಬಹುದು: ಕಂಪನಿಯ 40 ಟೆರಾಬೈಟ್ ಡೇಟಾ 30 ದಿನಗಳಲ್ಲಿ ಕ್ಲೌಡ್ ಸೇರಬೇಕು, ಇರುವ ಲೈನಿನ ವೇಗ ಸೆಕೆಂಡಿಗೆ 100 ಮೆಗಾಬಿಟ್, ವ್ಯವಹಾರ ನಿಲ್ಲುವಂತಿಲ್ಲ. ಲೆಕ್ಕ ಹಾಕಿದರೆ, ಲೈನನ್ನು ಪೂರ್ತಿ ಬಳಸಿದರೂ 37 ದಿನ ಹಿಡಿಯುತ್ತದೆ. ಹೊಸ ಲೈನ್ ಹಾಕಿಸಲು ವಾರಗಳೇ ಬೇಕು. ಆದ್ದರಿಂದ ಹಳೆಯ ಡೇಟಾವನ್ನು ಸಂಗ್ರಹ ಸಾಧನಕ್ಕೆ ತುಂಬಿ ಸಾಗಿಸಿ, ಆಮೇಲಿನ ಬದಲಾವಣೆಗಳನ್ನಷ್ಟೇ ಇರುವ ಲೈನಿನಲ್ಲಿ ಕಳಿಸಬೇಕು. ಕೊಟ್ಟ ಆಯ್ಕೆಗಳಲ್ಲಿ ತಾಂತ್ರಿಕವಾಗಿ ತಪ್ಪಾದುದು ಒಂದೂ ಇಲ್ಲದಿರಬಹುದು. ಗಡುವಿಗೂ ಖರ್ಚಿಗೂ ಹೊಂದುವುದು ಒಂದೇ.

ಈಗ ವರ್ಷಗಳ ಮಾತು. ಒಬ್ಬರು ಮೂರು ವರ್ಷ ಒಂದೇ ಅಕೌಂಟಿನಲ್ಲಿ ಟಿಕೆಟ್ ನೋಡಿಕೊಂಡು, ನಿಂತ ಸರ್ವರ್‌ಗಳನ್ನು ಮತ್ತೆ ಚಾಲೂ ಮಾಡುತ್ತಿದ್ದರೆ ಅದು ಮೊದಲ ವರ್ಷದ ಅನುಭವವೇ ಮೂರು ಸಲ ಆದಂತೆ. ಇನ್ನೊಬ್ಬರು ಎರಡೇ ವರ್ಷದಲ್ಲಿ ಹಳೆಯ ಡೇಟಾ ಸೆಂಟರ್ ಖಾಲಿ ಮಾಡಿಸಿ, ಹಲವು ಅಕೌಂಟುಗಳ ನೆಟ್‌ವರ್ಕ್ ಜೋಡಿಸಿ, ಬಿಲ್ ಏರಿದ್ದಕ್ಕೆ ಕಾರಣ ಹೇಳಿದ್ದರೆ ಅವರು ನೇರವಾಗಿ ಪ್ರೊಫೆಷನಲ್ ಬರೆಯಬಹುದು.

ಅನುಮಾನವಿದ್ದರೆ ಮಾದರಿ ಪರೀಕ್ಷೆಯ ತಪ್ಪುಗಳನ್ನು ನೋಡಿ. ಸೇವೆಯೇ ಗೊತ್ತಿಲ್ಲದೆ ತಪ್ಪಾಗಿದ್ದರೆ ಅಸೋಸಿಯೇಟ್ ಮೊದಲು ಮುಗಿಯಲಿ. ಸೇವೆಗಳೆಲ್ಲ ಗೊತ್ತಿದ್ದು ಕೊನೆಯ ಎರಡು ಆಯ್ಕೆಗಳ ನಡುವೆ ಎಡವಿದ್ದರೆ ಪ್ರೊಫೆಷನಲ್‌ಗೇ ತಯಾರಾಗಿ.

ಶುಲ್ಕದ ದೃಷ್ಟಿಯಿಂದಲೂ ಆತುರ ಬೇಡ. ಅಸೋಸಿಯೇಟ್‌ಗೆ 150 ಡಾಲರ್, ಪ್ರೊಫೆಷನಲ್‌ಗೆ 300. ಫೇಲಾದರೆ ಆ ಹಣ ಹೋಯಿತು, 14 ದಿನ ಕಾಯಬೇಕು. ಪಾಸಾದವರಿಗೆ ಮುಂದಿನ ಪರೀಕ್ಷೆಯಲ್ಲಿ ಅರ್ಧ ರಿಯಾಯಿತಿ ಇದೆ. ಅಸೋಸಿಯೇಟ್ ಮುಗಿಸಿ ಆ ರಿಯಾಯಿತಿಯಲ್ಲಿ ಪ್ರೊಫೆಷನಲ್ ಬರೆದರೆ, ತೆರಿಗೆ ಬಿಟ್ಟು ಎರಡಕ್ಕೂ ಸೇರಿ ಆಗುವುದು ಅದೇ 300 ಡಾಲರ್.