ಧಾರೆಗೆ ರಾ, ಆರತಕ್ಷತೆಗೆ ಜೆಪೆಗ್

ಕಲ್ಯಾಣ ಮಂಟಪದಲ್ಲಿ ಮುಹೂರ್ತದ ಹೊತ್ತು. ಪಕ್ಕದಿಂದ ಕಿಟಕಿಯ ಬೆಳಕು, ಮೇಲಿಂದ ಹಳದಿ ದೀಪ, ಎದುರಿಗೆ ವಿಡಿಯೋದವರ ಬಿಳಿ ಲೈಟು. ಕ್ಯಾಮೆರಾ ತಬ್ಬಿಬ್ಬಾಗಿ ವಧುವಿನ ಮುಖವನ್ನು ಕಿತ್ತಳೆಯಾಗಿಸುತ್ತದೆ, ವರನ ಪಂಚೆಯನ್ನು ನೀಲಿಯಾಗಿಸುತ್ತದೆ.

ಜೆಪೆಗ್‌ನಲ್ಲಿ ಈ ಬಣ್ಣಗಳು ಚಿತ್ರದೊಳಗೇ ಬೆರೆತುಹೋಗುತ್ತವೆ. ಪ್ರತಿ ಬಣ್ಣಕ್ಕೆ 256 ಹಂತಗಳನ್ನಷ್ಟೇ ಉಳಿಸಿಕೊಂಡು ಮಿಕ್ಕ ಮಾಹಿತಿಯನ್ನು ಕ್ಯಾಮೆರಾ ಎಸೆದುಬಿಡುತ್ತದೆ. 14 ಬಿಟ್‌ನ ರಾ ಫೈಲಿನಲ್ಲಿ ಹಂತಗಳು 16,384. ಅಲ್ಲಿ ವೈಟ್ ಬ್ಯಾಲೆನ್ಸ್ ಬರೀ ಒಂದು ಟಿಪ್ಪಣಿ. ಆಮೇಲೆ ಕಂಪ್ಯೂಟರಿನಲ್ಲಿ ಬದಲಿಸಿದರೂ ಚಿತ್ರ ಕೆಡದು. ನೆರಳಿನಲ್ಲಿ ಮುಳುಗಿದ ಮುಖವನ್ನೂ ಸಾಕಷ್ಟು ಮೇಲೆತ್ತಬಹುದು. ಧಾರೆ ಎರೆಯುವುದನ್ನು ಮತ್ತೊಮ್ಮೆ ಮಾಡಿಸಲಾಗದು, ಹಾಗಾಗಿ ಇಲ್ಲಿ ರಾ.

ಆದರೆ ರಾ ಸಂಜೀವಿನಿಯಲ್ಲ. ಜರಿಯಂಚು ಪೂರ್ತಿ ಬೆಳ್ಳಗಾಗಿ ವಿವರ ಕಳೆದುಕೊಂಡಿದ್ದರೆ ಅದು ಮರಳಿ ಬಾರದು. ಕ್ಯಾಮೆರಾದ ಹಿಸ್ಟೋಗ್ರಾಮ್ ಸಾಮಾನ್ಯವಾಗಿ ಜೆಪೆಗ್ ನೋಟವನ್ನು ಆಧರಿಸಿರುವುದರಿಂದ, ಅದರ ಎಚ್ಚರಿಕೆ ತುಸು ಮೊದಲೇ ಬರುತ್ತದೆ ಅಷ್ಟೆ.

ಸಂಜೆಯ ಆರತಕ್ಷತೆಯ ಕಥೆಯೇ ಬೇರೆ. ವಧೂವರರು ನಿಂತಲ್ಲೇ ನಿಂತಿರುತ್ತಾರೆ, ಫ್ಲ್ಯಾಶ್ ಬದಲಾಗದು, ಸಾಲಾಗಿ ಬರುವ ನೆಂಟರೆಲ್ಲರಿಗೂ ಒಂದೇ ಚೌಕಟ್ಟು. ಮೊದಲೇ ಎಕ್ಸ್‌ಪೋಷರ್ ಮತ್ತು ವೈಟ್ ಬ್ಯಾಲೆನ್ಸನ್ನು ಕೈಯಿಂದ ಹೊಂದಿಸಿಕೊಂಡರೆ ಜೆಪೆಗ್ ಧಾರಾಳ ಸಾಕು. ನೂರಾರು ರಾ ಫೈಲುಗಳನ್ನು ಒಂದೊಂದಾಗಿ ತಿದ್ದುತ್ತ ಕೂರುವುದು ವ್ಯರ್ಥ ಶ್ರಮ.

ಎರಡನ್ನೂ ಒಟ್ಟಿಗೆ ಉಳಿಸುವ ಸೆಟ್ಟಿಂಗ್ ಹೊಸಬರಿಗೆ ಆಕರ್ಷಕ. ಆದರೆ ಅಕ್ಷತೆ ಬೀಳುವಾಗ ಸತತವಾಗಿ ಕ್ಲಿಕ್ಕಿಸಿದರೆ ಬಫರ್ ಬೇಗ ತುಂಬಿ ಕ್ಯಾಮೆರಾ ನಿಧಾನವಾಗುತ್ತದೆ. ಕಾರ್ಡ್ ಹಳೆಯದಾದರಂತೂ ಆ ಕ್ಷಣ ಕೈತಪ್ಪಿಯೇ ಹೋದೀತು.